ಬೋಣಿಗೆಗೆ ಮುಂಚೆ ಇಳಿದ ದರ

ಒಂದು ಹೊಲಿಗೆ ಮಶೀನಿನ ದರವನ್ನು ದಿನಕ್ಕೊಮ್ಮೆ ನೋಡಲು ನಾನು ಪ್ರೋಗ್ರಾಮು ಬರೆದಿದ್ದೆ ಎಂದರೆ ಜನ ನಗುತ್ತಾರೆ. ಕಣ್ಣಿಲ್ಲವೇ, ಮೊಬೈಲಿಲ್ಲವೇ, ನೋಡಿದರಾಯಿತಲ್ಲ ಎನ್ನುತ್ತಾರೆ. ನಗಲಿ. ಆ ಪ್ರೋಗ್ರಾಮು ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿತು. ಮಾಡದೆ ಇದ್ದದ್ದು ಮನುಷ್ಯರು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಇದರಲ್ಲಿ ಸಮಾಧಾನ ಹುಡುಕುವವರು ಬೇರೆ ಏನಾದರೂ ಓದುವುದು ಒಳ್ಳೆಯದು.

ಹಾನಗಲ್ಲಿನ ಬಸ್‌ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ರಸ್ತೆಯಲ್ಲಿ ಒಂದು ಅಂಗಡಿ. ಮಿಕ್ಸರು, ಫ್ಯಾನು, ಗ್ರೈಂಡರು, ಹೊಲಿಗೆ ಮಶೀನು, ವಾಯರು, ಹೋಲ್ಡರು ಎಲ್ಲ ಸಿಗುತ್ತವೆ. ಬಿಸಿಎ ಮುಗಿಸಿದ ಮೇಲೆ ನಾನು ಅಲ್ಲಿ ಬಿಲ್ಲು ಹಾಕುವ ಕೆಲಸಕ್ಕೆ ಸೇರಿದೆ. ಕಂಪ್ಯೂಟರಿನ ಮುಂದೆ ಕೂತು ಮಾಲಿನ ಹೆಸರು ಒತ್ತುವುದು, ತೆರಿಗೆ ಕೂಡಿಸಿ ಕಾಗದ ಹರಿದು ಕೊಡುವುದು, ಅಷ್ಟೇ. ಇದಕ್ಕೆ ಮೂರು ವರ್ಷ ಓದಬೇಕಿತ್ತೇ ಎಂದು ಅವ್ವ ಕೇಳುತ್ತಿದ್ದಳು. ನಾನೂ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ.

ಅಂಗಡಿಯ ಮಾಲಕರಿಗೆ ಆಗ ಒಂದೇ ಚಿಂತೆ. ಗಿರಾಕಿ ಬರುತ್ತಾನೆ, ಮಿಕ್ಸರಿನ ಜಾರು ಬಿಚ್ಚಿಸಿ ನೋಡುತ್ತಾನೆ, ಪ್ಲಗ್ಗು ಹಾಕಿಸಿ ತಿರುಗಿಸಿಯೂ ನೋಡುತ್ತಾನೆ, ತರಿಸಿಕೊಟ್ಟ ಚಹಾವನ್ನು ಕುಡಿಯುತ್ತಾನೆ, ಕೊನೆಗೆ ಜೇಬಿನಿಂದ ಮೊಬೈಲು ತೆಗೆದು, "ಇದರಾಗ ಕಡಿಮಿ ಐತೆಲ್ಲಾ" ಎನ್ನುತ್ತಾನೆ. ಮಾಲಕರ ಮುಖ ಗಂಟು ಹಾಕಿಕೊಳ್ಳುತ್ತಿತ್ತು. ಕೊನೆಗೆ ಅವರು ಒಂದು ಮಾತು ಕೊಡತೊಡಗಿದ್ದರು. "ಮೊಬೈಲಿನ್ಯಾಗ ಏನ್ ರೇಟ್ ತೋರಸ್ತೀರಿ, ಅದ ರೇಟಿಗೆ ನಾನೂ ಕೊಡ್ತೇನ್ರಿ. ಮ್ಯಾಲೆ ಫಿಟ್ಟಿಂಗ್ ನಂದು, ರಿಪೇರಿ ನಂದು." ಊರಲ್ಲೆಲ್ಲ ಈ ಮಾತು ಹಬ್ಬಿತ್ತು. ಒಳ್ಳೆಯ ಮಾತೇ. ಆನ್‌ಲೈನಿನಲ್ಲಿ ತರಿಸಿದರೆ ಡಬ್ಬಿ ಬರುತ್ತದೆ, ಜೋಡಿಸುವವರು ಬರುವುದಿಲ್ಲ.

ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವಳು ನಮ್ಮ ಓಣಿಯ ಅಕ್ಕ. ಒಡಹುಟ್ಟಿದವಳಲ್ಲ, ಓಣಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಅಬಲೂರಿನ ಗಂಡನ ಮನೆ ಬಿಟ್ಟು, ಮಗಳನ್ನು ಕರೆದುಕೊಂಡು ಹಾನಗಲ್ಲಿಗೆ ಬಂದವಳು. ಒಬ್ಬ ಟೇಲರಿನ ಅಂಗಡಿಯಲ್ಲಿ ಕೂತು ಸೀರೆಗಳಿಗೆ ಫಾಲು ಹಚ್ಚುತ್ತಿದ್ದಳು, ಪೀಕೋ ಹಾಕುತ್ತಿದ್ದಳು. ಸೀರೆಯ ಅಂಚು ಬಿಚ್ಚಿಕೊಳ್ಳದ ಹಾಗೆ ಸುತ್ತ ಅಡ್ಡಾದಿಡ್ಡಿ ಹೊಲಿಗೆ ಹಾಕುವುದೇ ಪೀಕೋ. ಫಾಲನ್ನು ಕೈಯಿಂದ ಹಚ್ಚಬಹುದು, ಪೀಕೋಗೆ ಮಶೀನು ಬೇಕೇ ಬೇಕು. ಮಶೀನು ಟೇಲರಿನದು, ಆದ್ದರಿಂದ ಕೂಲಿಯಲ್ಲಿ ದೊಡ್ಡ ಪಾಲು ಅವನದು. ದುಡಿಯುವ ಕೈ ಮಾತ್ರ ಇವಳದು.

ಅವಳಿಗೆ ಬೇಕಾಗಿದ್ದದ್ದು ಸ್ವಂತದ ಒಂದು ಪೀಕೋ ಮಶೀನು, ಅದಕ್ಕೆ ಒಂದು ಮೋಟರು. ಮೋಟರು ಯಾಕೆಂದರೆ ಅವಳ ಬಲ ಮೊಣಕಾಲು ಕೆಟ್ಟಿತ್ತು. ಟೇಲರಿನ ಮಶೀನು ಕಾಲಿನಿಂದ ತುಳಿಯುವುದು. ಸಂಜೆ ಅಂಗಡಿಯಿಂದ ಬರುವಾಗ ಅವಳು ಗೋಡೆ ಹಿಡಿದು ಮೆಟ್ಟಿಲು ಹತ್ತುವುದನ್ನು ನಾನು ದಿನವೂ ನೋಡುತ್ತಿದ್ದೆ. ಕಾಲಿಗೆ ಕೆಲಸ ಕೊಡಬೇಡ ಎಂದು ಡಾಕ್ಟರು ಹೇಳಿದ್ದರಂತೆ. ಡಾಕ್ಟರಿಗೇನು, ಹೇಳುತ್ತಾರೆ.

ಕೂಡಿಟ್ಟ ದುಡ್ಡಿನಲ್ಲಿ ಮಶೀನು ಬರುತ್ತಿತ್ತು, ಮೋಟರು ಬರುತ್ತಿರಲಿಲ್ಲ. ಮಶೀನಿನ ದರ ಸ್ವಲ್ಪ ಇಳಿದರೆ ಎರಡೂ ಬರುತ್ತಿದ್ದವು. ಆನ್‌ಲೈನಿನಲ್ಲಿ ಅದು ಆಗಾಗ ಇಳಿದು ಮತ್ತೆ ಏರುತ್ತಿತ್ತು. ಇಳಿದ ದಿನ ಅವಳು ನೋಡಿರುತ್ತಿರಲಿಲ್ಲ, ನೋಡಿದ ದಿನ ಏರಿರುತ್ತಿತ್ತು. ಲಗ್ನದ ಹಂಗಾಮು ಬೇರೆ ಹತ್ತಿರ ಬರುತ್ತಿತ್ತು. ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಕೇಳಿದಳು.

"ಅಲ್ಲ ತಂಗಿ, ನೀ ದಿನಾ ಕಂಪ್ಯೂಟರ್ ಮುಂದ ಕುಂದರ್ತಿ. ಅದಕ್ಕ ಹೇಳಿಟ್ರ ಅದ ನೋಡಿ ನಮಗ ಹೇಳೂದಿಲ್ಲೇನು?"

"ಹೇಳ್ತೈತಿ ಅಕ್ಕಾ" ಎಂದೆ. ಓದಿದ್ದು ಬಿಲ್ಲು ಹರಿಯುವುದಕ್ಕಲ್ಲ ಎಂದು ನನಗೇ ನಾನು ತೋರಿಸಿಕೊಳ್ಳಬೇಕಿತ್ತು.

ಮಧ್ಯಾಹ್ನ ಮಾಲಕರು ಊಟಕ್ಕೆ ಮನೆಗೆ ಹೋದಾಗ ಅಂಗಡಿಯ ಕಂಪ್ಯೂಟರಿನಲ್ಲೇ ಪೈಥಾನಿನಲ್ಲಿ ಬರೆಯತೊಡಗಿದೆ. ಕೆಲಸ ಕೇಳಲು ಸರಳ. ಮಶೀನಿನ ಪುಟವನ್ನು ತರಿಸಿಕೊಳ್ಳುವುದು, ಅದರಲ್ಲಿ ದರ ಇರುವ ಜಾಗ ಹುಡುಕುವುದು, ರೂಪಾಯಿ ಗುರುತು ಮತ್ತು ಅಲ್ಪವಿರಾಮಗಳನ್ನು ಕಿತ್ತು ಅದನ್ನು ಅಂಕಿ ಮಾಡುವುದು, ನಿನ್ನೆ ಬರೆದಿಟ್ಟ ಅಂಕಿಯ ಜೊತೆ ಹೋಲಿಸುವುದು. ನಿನ್ನೆಗಿಂತ ಕಡಿಮೆಯಾಗಿ, ಅಕ್ಕ ಹೇಳಿದ ಮಿತಿಯೊಳಗೂ ಬಂದರೆ ನಮ್ಮಿಬ್ಬರ ಮೊಬೈಲಿಗೂ ಮೆಸೇಜು ಕಳಿಸುವುದು. ಒಮ್ಮೆ ತಿಳಿಸಿದ ದರವನ್ನೇ ಮತ್ತೆ ಮತ್ತೆ ತಿಳಿಸಿ ತಲೆ ತಿನ್ನಬಾರದು, ಅದಕ್ಕೇ ನಿನ್ನೆಯ ಲೆಕ್ಕ. ದಿನಕ್ಕೊಮ್ಮೆ ಒಂದೇ ಪುಟ ತೆರೆದು ನೋಡಿದರೆ ಆ ಸೈಟಿಗೆ ಭಾರವಾಗುವುದಿಲ್ಲ. ಅದರ ನಿಯಮಗಳನ್ನೂ ಓದಿದೆ, ಇಷ್ಟಕ್ಕೆ ಅಡ್ಡಿ ಇರಲಿಲ್ಲ.

ಮೊದಲ ವಾರವೇ ಫಜೀತಿ. ಪುಟದಲ್ಲಿ ದರ ಒಂದೇ ಕಡೆ ಇರಲಿಲ್ಲ. ಗೆರೆ ಎಳೆದ ಹಳೆಯ ದರ ಒಂದು, ಮಾರುವ ದರ ಒಂದು, ತಿಂಗಳ ಕಂತು ಒಂದು. ನನ್ನ ಪ್ರೋಗ್ರಾಮು ಕಂತನ್ನು ಹಿಡಿದುಕೊಂಡು ಬಂದು, ಪೀಕೋ ಮಶೀನು ಕುಕ್ಕರಿನ ದರಕ್ಕೆ ಇಳಿದಿದೆ ಎಂದು ಸಾರಿತು. ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅಂಗಡಿಗೆ ಓಡಿ ಬಂದಳು. ತಪ್ಪಾಗಿದೆ ಎಂದಾಗ ಪಿನ್ನುಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು, "ನಿನ್ನ ಕಂಪ್ಯೂಟರ್ ನನಗಿಂತ ಆಸೆಬುರುಕ ಐತಿ" ಎಂದು ನಕ್ಕಳು. ಅದನ್ನು ಸರಿಪಡಿಸಿದೆ. ಇನ್ನೊಂದನ್ನೂ ಸೇರಿಸಿದೆ. ಮೆಸೇಜು ಬರದಿದ್ದರೆ ಅದಕ್ಕೆ ಎರಡು ಅರ್ಥ. ದರ ಇಳಿದಿಲ್ಲ, ಇಲ್ಲವೇ ಪ್ರೋಗ್ರಾಮೇ ಸತ್ತಿದೆ. ಸೈಟಿನವರು ಪುಟ ಬದಲಿಸಿದರೆ ಅದು ಗಪ್ಪಾಗಿ ಸಾಯುತ್ತದೆ. ಆದ್ದರಿಂದ ಏನೂ ಬದಲಾಗದ ದಿನವೂ ನನ್ನ ಮೊಬೈಲಿಗೆ ಮಾತ್ರ ಒಂದು ಸಾಲು ಬರುವಂತೆ ಮಾಡಿದೆ. ನೋಡಿದ್ದೇನೆ, ಅದೇ ದರ ಎಂದು. ದರವೇ ಸಿಗದಿದ್ದರೆ ಸಿಗಲಿಲ್ಲ ಎಂದು.

ದಿನವೂ ತಾನಾಗಿ ಓಡಬೇಕಲ್ಲ, ಅದನ್ನು ಕಂಪ್ಯೂಟರಿನಲ್ಲೇ ಇರುವ ಟಾಸ್ಕ್ ಶೆಡ್ಯೂಲರಿಗೆ ಒಪ್ಪಿಸಿದೆ. ರಾತ್ರಿ ಮಾಲಕರು ಮೇನ್ ಸ್ವಿಚ್ಚನ್ನೇ ತೆಗೆದು ಹೋಗುತ್ತಿದ್ದರಿಂದ ಮುಂಜಾನೆ ಹತ್ತು ಗಂಟೆ ಎಂದು ಹಾಕಿದೆ. ಅಷ್ಟೊತ್ತಿಗೆ ಅವರು ಬಾಗಿಲು ತೆಗೆದು, ಕಸ ಹೊಡೆಸಿ, ದೇವರ ಹಾಡು ಹಚ್ಚಲೆಂದು ಕಂಪ್ಯೂಟರು ಚಾಲೂ ಮಾಡಿರುತ್ತಿದ್ದರು. ಕರೆಂಟು ಇಲ್ಲದೆ ಆ ಹೊತ್ತು ತಪ್ಪಿದರೆ, ಕಂಪ್ಯೂಟರು ಚಾಲೂ ಆದ ಮೇಲೆ ಓಡಿಸು ಎಂಬ ಆಯ್ಕೆಗೂ ಗುರುತು ಹಾಕಿದೆ. ನಾನು ಕೆಲಸಕ್ಕೆ ಬರುವುದು ಹತ್ತೂವರೆಗೆ. ನಾನು ಬರುವ ಮೊದಲೇ ನನ್ನ ಕೆಲಸ ಅಂಗಡಿಗೆ ಬಂದು ಕೂತಿರುತ್ತದೆ ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಆ ಹೆಮ್ಮೆ ಮಾಲಕರ ಕಣ್ಣಿಗೆ ಬಿತ್ತು. ಒಂದು ಮುಂಜಾನೆ ದೇವರ ಹಾಡಿನ ನಡುವೆ ಪರದೆಯ ಮೇಲೆ ಕಪ್ಪು ಕಿಟಕಿಯೊಂದು ತೆರೆದು ಮುಚ್ಚಿದ್ದನ್ನು ಕಂಡರಂತೆ. ನಾನು ಬಂದ ಕೂಡಲೇ, "ಏನದು, ವೈರಸ್ ಹೊಕ್ಕೈತೇನು?" ಎಂದರು. ಬೈಸಿಕೊಳ್ಳಲು ತಯಾರಾಗಿಯೇ, ಇದ್ದುದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. ಗಿರಾಕಿಗಳಿಗೆ ಮಾತ್ರ ತರಿಸುವ ಚಹಾ ಅವತ್ತು ನನಗೂ ಬಂತು.

"ಶಾಣ್ಯಾಕಿ ಅದೀ ನೀನು. ಅಕಿ ಒಬ್ಬಾಕಿ ಮಶೀನಿಗೆ ಯಾಕ? ನಮ್ಮ ಅಂಗಡ್ಯಾಗಿನ ಎಲ್ಲಾ ಮಾಲಿಗೂ ಹಾಕು. ರೇಟ್ ಇಳದ್ರ ನನ್ನ ಮೊಬೈಲಿಗೆ ಬರಲಿ."

ಹಾಕಿದೆ. ಮಿಕ್ಸರು, ಫ್ಯಾನು, ಮಶೀನು ಎಲ್ಲವುಗಳ ಪುಟದ ವಿಳಾಸಗಳನ್ನು ಸಾಲಾಗಿ ಇಟ್ಟು, ಒಂದಾದ ಮೇಲೆ ಇನ್ನೊಂದನ್ನು ಸ್ವಲ್ಪ ತಡೆದು ತಡೆದು ನೋಡುವಂತೆ ಮಾಡಿದೆ. ಒಮ್ಮೆಲೇ ಬಡಿದರೆ ಸೈಟು ನೀವು ಮನುಷ್ಯರೋ ಎಂದು ಕೇಳುವ ಪುಟ ತೋರಿಸಿ ಬಾಗಿಲು ಹಾಕಿಬಿಡುತ್ತದೆ. ಮಾಲಕರು ಗಿರಾಕಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಇದನ್ನೆಲ್ಲ ಮಾಡಿಸುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಮನೆಯಲ್ಲಿ ಅವ್ವನ ಮುಂದೆ ಹೊಗಳಿದ್ದೂ ಆಯಿತು.

ಎರಡು ದಿನ ಬಿಟ್ಟು ಅವರು ಇನ್ನೊಂದು ಮಾತು ತೆಗೆದರು. ಮೆಲ್ಲಗೆ, ಮನೆಯ ಹಿರಿಯರು ಹೇಳುವ ಹಾಗೆ.

"ಒಂದು ಚೂರು ತಿದ್ದಬೇಕಲ್ಲವ್ವಾ. ಬೋಣಿಗಿ ಆಗೂ ಮುಂಚೆ ರೇಟ್ ಇಳಿದ ಸುದ್ದಿ ಅಂಗಡಿಯಿಂದ ಹೊರಗ ಹೋಗಬಾರ್ದು. ಮಾಲಕ ನಾನು, ನನ್ನ ಕಿವಿಗೆ ಬಿದ್ರ ನಡೀತೈತಿ. ಗಿರಾಕಿಗೆ ಮಧ್ಯಾಹ್ನದ ಮ್ಯಾಲೆ ಹೋಗಲಿ. ನಿನಗೂ ಆವಾಗ ಬರಲಿ."

ಬೋಣಿಗೆ ಎಂದರೆ ದಿನದ ಮೊದಲ ವ್ಯಾಪಾರ. ನಮ್ಮ ಕಡೆ ಅಂಗಡಿ ಇಟ್ಟವರೆಲ್ಲರಿಗೂ ಅದು ದೇವರ ಪೂಜೆಗಿಂತ ಒಂದು ತೂಕ ಹೆಚ್ಚು. ಆ ಹೊತ್ತಿನಲ್ಲಿ ಉದ್ದರಿ ಕೇಳಬಾರದು, ಚೌಕಾಸಿ ಮಾಡಬಾರದು, ಬಂದ ದುಡ್ಡನ್ನು ಮರಳಿ ಕೊಡಲೇಬಾರದು. ನನ್ನ ಅಪ್ಪ ಸವಣೂರಿನಲ್ಲಿ ವೀಳ್ಯದೆಲೆ ಅಂಗಡಿ ಇಟ್ಟಿದ್ದಾಗ ಬೋಣಿಗೆ ಆಗುವವರೆಗೆ ಮನೆಯಲ್ಲಿ ನಾವು ಅಳುತ್ತಲೂ ಇರಲಿಲ್ಲ. ದರ ಇಳಿಯಿತು ಎಂಬ ಮಾತು ಬೋಣಿಗೆಗೆ ಮುಂಚೆ ಬೇಡ ಎಂದರೆ ನನಗೆ ಅದರಲ್ಲಿ ಹುಳುಕು ಕಾಣಲಿಲ್ಲ. ಬೇರೆ ಊರಿನವರಾಗಿದ್ದರೆ ಅಲ್ಲೇ ಹುಬ್ಬೇರಿಸುತ್ತಿದ್ದರೋ ಏನೋ. ನಾವು ಬೋಣಿಗೆ ಎಂದ ಕೂಡಲೇ ಕೈಮುಗಿಯುವ ಮಂದಿ.

ಹಾಗಾಗಿ ಕೆಲಸ ಎರಡು ಭಾಗವಾಯಿತು. ಮುಂಜಾನೆ ಹತ್ತಕ್ಕೆ ಪ್ರೋಗ್ರಾಮು ದರಗಳನ್ನು ತಂದು ಬರೆದಿಟ್ಟು, ಇಳಿದಿರಲಿ ಬಿಡಲಿ, ಮಾಲಕರಿಗೆ ತಿಳಿಸುವುದು. ಮಧ್ಯಾಹ್ನ ಹನ್ನೆರಡಕ್ಕೆ ಶೆಡ್ಯೂಲರಿನ ಎರಡನೆಯ ಟಾಸ್ಕು, ಬರೆದಿಟ್ಟದ್ದನ್ನೇ ಓದಿ ನನಗೂ ಅಕ್ಕನಿಗೂ ತಿಳಿಸುವುದು. ಎರಡು ತಾಸಿನ ಅಂತರ. ದರ ಇಳಿದರೆ ಎರಡು ತಾಸಿನಲ್ಲಿ ಎಲ್ಲಿಗೆ ಓಡಿಹೋಗುತ್ತದೆ?

ಆ ದಿನಗಳಲ್ಲಿ ಮುಂಜಾನೆಯ ಹೊತ್ತು ಅಂಗಡಿಯಲ್ಲಿ ಫೋನು ಮಾತು ಜಾಸ್ತಿಯಾಯಿತು. ಹಿರೇಕೆರೂರಿನ ಯಾರೋ ಮಿಕ್ಸರು ನೋಡಿ ಹೋಗಿದ್ದರು, ಹುಲಗೂರಿನ ಯಾರೋ ಫ್ಯಾನು ಕೇಳಿ ಹೋಗಿದ್ದರು. ಅವರಿಗೆಲ್ಲ ಮಾಲಕರು ತಾವೇ ಫೋನು ಹಚ್ಚಿ, "ನಾಳಿಯಿಂದ ರೇಟ್ ಏರ್ತೈತ್ರಿ, ಇವತ್ತ ಬಂದ್ರ ಹಳೇ ರೇಟಿಗೆ ಕೊಡ್ತೇನಿ" ಎನ್ನುತ್ತಿದ್ದರು. ಅವರು ಬಂದು ಒಯ್ಯುತ್ತಿದ್ದರು. ನಾನು ಬಿಲ್ಲು ಹಾಕುತ್ತಿದ್ದೆ. ವ್ಯಾಪಾರ ಕುದುರಿದೆ ಎಂದುಕೊಂಡೆ. ಮಧ್ಯಾಹ್ನ ನನಗೆ ಬರುತ್ತಿದ್ದದ್ದು ಅಕ್ಕನ ಮಶೀನಿನ ಸುದ್ದಿ ಒಂದೇ, ಉಳಿದ ಮಾಲಿನ ಸುದ್ದಿ ಮಾಲಕರಿಗೆ ಮಾತ್ರ.

ಆಮೇಲೆ ಆ ದಿನ ಬಂತು. ನಾನು ಅಂಗಡಿಗೆ ಬರುವಾಗ ಓಣಿಯ ಇಲೆಕ್ಟ್ರಿಶಿಯನ್ನು ಕೌಂಟರಿನ ಮುಂದೆ ನಿಂತಿದ್ದ. ಒಂದು ಇನ್ಸುಲೇಶನ್ ಟೇಪು ತೆಗೆದುಕೊಂಡು ನೋಟು ಕೊಟ್ಟ. ಮಾಲಕರು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಗಲ್ಲಾದ ಲಕ್ಷ್ಮಿ ಫೋಟೋಕ್ಕೆ ಮುಟ್ಟಿಸಿ ಒಳಗೆ ಹಾಕಿದರು. ಬೋಣಿಗೆ ಆಯಿತು. ಅವನು ಹೋದ ಮೇಲೆ ಮಾಲಕರು ಮೊಬೈಲು ನೋಡಿದರು, ಸ್ವಲ್ಪ ಹೊತ್ತು ಗದ್ದ ಕೆರೆದುಕೊಂಡರು, ಯಾರಿಗೋ ಫೋನು ಹಚ್ಚಿದರು.

"ತಂಗೆವ್ವಾ, ನಾನು ಮಶೀನ್ ಅಂಗಡಿಯಾವ. ನಿಂದು ಪೀಕೋ ಮಶೀನಿಂದು ನೆನಪಾತು. ನಾಳೆ ರೇಟ್ ಏರ್ತೈತಿ. ಅಂಗಡಿ ಬೋಣಿಗಿ ಇನ್ನೂ ಆಗಿಲ್ಲ, ನೋಡು. ಬಂದು ನಿನ್ನ ಕೈಲೆ ಸಂಚಕಾರ ಕೊಟ್ಟು ಬೋಣಿಗಿ ಮಾಡು. ನಿನ್ನ ಕೈಗುಣ ಛಲೋ ಐತಿ ಅಂತ ನನ್ನ ಮನಸ್ಸು ಹೇಳಾಕತ್ತೈತಿ."

ಬೋಣಿಗೆ ಆಗಿಲ್ಲ ಎಂದು ವ್ಯಾಪಾರಿಗಳು ದಿನವಿಡೀ ಹೇಳುವ ಸುಳ್ಳು ಅದು, ನನಗೇನೂ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಂತೋಷವೇ ಆಯಿತು. ಯಾಕೆಂದು ಹೇಳಬೇಕು. ಗಂಡ ಇಲ್ಲದ ಹೆಂಗಸನ್ನು ಮುಂಜಾನೆ ಅಂಗಡಿಯ ಮೆಟ್ಟಿಲು ಹತ್ತಿಸುವವರು ನಮ್ಮ ಪೇಟೆಯಲ್ಲಿ ಕಡಿಮೆ. ಬಾಯಿಬಿಟ್ಟು ಬೇಡ ಎನ್ನುವುದಿಲ್ಲ. ನೀರು ಚಿಮುಕಿಸುವ ನೆಪದಲ್ಲಿ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ, ಆ ಮಾಲು ಇಲ್ಲ ಎನ್ನುತ್ತಾರೆ, ಸ್ವಲ್ಪ ತಡೆದು ಬಾರವ್ವ ಎನ್ನುತ್ತಾರೆ. ನಿನ್ನೆ ಕುಡಿದು ಗಟಾರದಲ್ಲಿ ಬಿದ್ದಿದ್ದವನ ಮುಖ ನಡೆಯುತ್ತದೆ, ದುಡಿದು ಮಗಳಿಗೆ ಊಟ ಹಾಕುವವಳ ಮುಖ ನಡೆಯುವುದಿಲ್ಲ. ಅಕ್ಕ ಇದನ್ನೆಲ್ಲ ಅರಿತು, ಏನಾದರೂ ಬೇಕಿದ್ದರೆ ಮಧ್ಯಾಹ್ನದ ಮೇಲೇ ಪೇಟೆಗೆ ಬರುತ್ತಿದ್ದಳು. ಅಂಥವಳನ್ನು ಕರೆದು ನಿನ್ನ ಕೈಯಿಂದ ಬೋಣಿಗೆ ಮಾಡು ಎನ್ನುವುದೆಂದರೆ! ಮಾಲಕರ ಮೇಲೆ ನನಗೆ ಗೌರವ ಉಕ್ಕಿತು. ಆ ಗೌರವಕ್ಕೆ ಬೆಂಕಿ ಬೀಳಲಿ.

ಅಕ್ಕ ಮಗಳ ಕೈ ಹಿಡಿದುಕೊಂಡು ಬಂದಳು. ತಲೆ ಬಾಚಿಕೊಂಡು, ಪೆಟ್ಟಿಗೆಯಲ್ಲಿ ಇಟ್ಟಿದ್ದ ಹಸಿರು ಸೀರೆ ಉಟ್ಟುಕೊಂಡು ಬಂದಿದ್ದಳು. ಮೆಟ್ಟಿಲ ಹತ್ತಿರ ಒಂದು ಕ್ಷಣ ನಿಂತಳು, ಅಭ್ಯಾಸ. ಮಾಲಕರೇ, "ಬಾರವ್ವಾ, ಬಲಗಾಲು ಇಟ್ಟು ಬಾ" ಎಂದರು. ಆ ಕೆಟ್ಟ ಬಲ ಮೊಣಕಾಲನ್ನೇ ಎತ್ತಿ ಇಟ್ಟು ಅವಳು ಒಳಗೆ ಬಂದಳು. ಕಣ್ಣು ತುಂಬಿದ್ದವು.

ಆದರೂ ಅವಳು ದಡ್ಡಿಯಲ್ಲ. ನನ್ನ ಕಡೆ ತಿರುಗಿ ಕೇಳಿದಳು, "ನಿನ್ನ ಕಂಪ್ಯೂಟರ್ ಏನ್ ಅಂತೈತಿ ತಂಗಿ?"

ನಾನು ಮೊಬೈಲು ನೋಡಿದೆ. "ನಿನ್ನೆ ಮಧ್ಯಾಹ್ನ ನೋಡಿದಾಗ ಅದ ರೇಟ್ ಇತ್ತಕ್ಕಾ. ಇವತ್ತಿಂದು ಹನ್ನೆರಡಕ್ಕ ಬರ್ತೈತಿ."

"ಇವತ್ತಿಂದು ನನಗ ಬಂದೈತಲ್ಲ" ಎಂದರು ಮಾಲಕರು. ತಮ್ಮ ಮೊಬೈಲನ್ನು ಎತ್ತಿ ಹಿಡಿದರು, ಅವಳ ಕಡೆಗಲ್ಲ, ನನ್ನ ಕಡೆಗೂ ಅಲ್ಲ, ನಡುವೆ. "ಏನೂ ಇಳದಿಲ್ಲ. ಬೋಣಿಗಿ ಹೊತ್ತಿನ್ಯಾಗ ಲಕ್ಷ್ಮಿ ಮುಂದ ನಿಂತು ಸುಳ್ಳ ಹೇಳ್ತೇನೇನು?"

ಲಕ್ಷ್ಮಿಯ ಹೆಸರು ತೆಗೆದ ಮೇಲೆ ಯಾರು ಮರುಮಾತಾಡುತ್ತಾರೆ? ಅಕ್ಕ ಸೆರಗಿನ ಗಂಟು ಬಿಚ್ಚಿ ಮುಂಗಡದ ಸಂಚಕಾರ ಕೊಟ್ಟಳು. ಸಂಚಕಾರ ಕೊಟ್ಟರೆ ದರ ಅಲ್ಲಿಗೆ ಮುಗಿಯಿತು, ಮೇಲೆ ಏರಲಿ ಕೆಳಗೆ ಇಳಿಯಲಿ ಎರಡು ಕಡೆಯವರೂ ಬಾಯಿ ತೆರೆಯುವ ಹಾಗಿಲ್ಲ. ಮಾಲಕರು ಆ ದುಡ್ಡನ್ನೂ ಎರಡೂ ಕಣ್ಣಿಗೆ ಒತ್ತಿಕೊಂಡರು, ಅದನ್ನೂ ಲಕ್ಷ್ಮಿಗೆ ಮುಟ್ಟಿಸಿದರು. ಟೇಪಿನ ದುಡ್ಡಿಗೆ ಮಾಡಿದ ಹಾಗೆಯೇ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದೆ. ಉಳಿದದ್ದನ್ನು ಅವಳು ಮನೆಯಿಂದ ತಂದು ಒಂದು ತಾಸಿನೊಳಗೆ ಮುಟ್ಟಿಸಿದಳು. ಮಶೀನನ್ನು ಕೈಗಾಡಿಯಲ್ಲಿ ಏರಿಸಿದರು. ಮೋಟರು ಮುಂದಿನ ವರ್ಷ ನೋಡೋಣ ಎಂದಳು. ನಗುತ್ತಲೇ ಹೇಳಿದಳು.

ಹನ್ನೆರಡಕ್ಕೆ ನನ್ನ ಮೊಬೈಲು ಕಿಣಿ ಎಂದಿತು. ಪೀಕೋ ಮಶೀನು ಇಳಿದಿತ್ತು. ಅಕ್ಕ ಹೇಳಿದ್ದ ಮಿತಿಗಿಂತಲೂ ಕೆಳಗೆ, ಮೋಟರು ತಂದು ಮೇಲೆ ಮಗಳಿಗೆ ಒಂದು ಜೊತೆ ಬಟ್ಟೆ ಹೊಲಿಸುವಷ್ಟು ಕೆಳಗೆ. ಒಂದು ಕ್ಷಣ ಈಗ ತಾನೇ ಇಳಿಯಿತೇನೋ ಎಂದುಕೊಂಡೆ. ಆಮೇಲೆ ನಾನೇ ಬರೆದದ್ದು ನನಗೇ ನೆನಪಾಯಿತು. ಹನ್ನೆರಡರ ಟಾಸ್ಕು ಸೈಟನ್ನು ನೋಡುವುದೇ ಇಲ್ಲ, ಹತ್ತಕ್ಕೆ ಬರೆದಿಟ್ಟದ್ದನ್ನು ಓದಿ ಹೇಳುತ್ತದೆ ಅಷ್ಟೇ. ಹತ್ತಕ್ಕೇ ಇಳಿದಿತ್ತು. ಹತ್ತಕ್ಕೇ ಇವರಿಗೆ ಗೊತ್ತಿತ್ತು. ಮುಂಜಾನೆಯ ಫೋನುಗಳು, ಹಿರೇಕೆರೂರಿನ ಮಿಕ್ಸರು, ಹುಲಗೂರಿನ ಫ್ಯಾನು ಎಲ್ಲವೂ ಏನೆಂದು ಆಗ ತಿಳಿಯಿತು. ದರ ಇಳಿದ ದಿನ ಗಿರಾಕಿಗೆ ಗೊತ್ತಾಗುವ ಮೊದಲು ಹಳೆಯ ದರಕ್ಕೆ ಕೈ ಕಟ್ಟಿಹಾಕುವುದು. ಗಿರಾಕಿಗೆಂದು ಮಾಡಿದ ಗಂಟೆಯನ್ನು ಇವರು ಗಿರಾಕಿಯನ್ನು ಹಿಡಿಯಲು ಕಟ್ಟಿಕೊಂಡಿದ್ದರು.

ಮೊಬೈಲನ್ನು ಕೌಂಟರಿನ ಮೇಲೆ ಇಟ್ಟು ಕೇಳಿದೆ, "ಇದೇನ್ರಿ?"

ಅವರು ನೋಡಲಿಲ್ಲ. "ವ್ಯಾಪಾರ" ಎಂದರು.

"ಮೊಬೈಲಿನ್ಯಾಗಿನ ರೇಟಿಗೆ ಕೊಡ್ತೇನಿ ಅಂದಿದ್ರಿ."

"ತೋರಿಸಿದ್ರ ಕೊಡ್ತೇನಿ ಅಂದಿದ್ದೆ. ಅಕಿ ತೋರಿಸ್ಲಿಲ್ಲಲ್ಲ."

"ಹೆಚ್ಚಿಗಿ ತಗೊಂಡಿದ್ದು ವಾಪಸ್ ಕೊಡ್ರಿ ಅಕಿಗೆ."

ಆಗ ಅವರು ತಲೆ ಎತ್ತಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಮಗುವಿಗೆ ತಿಳಿಹೇಳುವವರ ತಾಳ್ಮೆ ಇತ್ತು. ನನಗೆ ಹೆಚ್ಚು ಉರಿದದ್ದು ಅದಕ್ಕೇ. "ಬೋಣಿಗಿ ರೊಕ್ಕ ಯಾರರ ವಾಪಸ್ ಕೊಡ್ತಾರೇನವ್ವಾ? ನಿಮ್ಮಪ್ಪನೂ ಅಂಗಡಿ ಇಟ್ಟಿದ್ನಲ್ಲ, ಕೇಳು ಹೋಗು."

"ಬೋಣಿಗಿ ಟೇಪಿಂದಾಗಿತ್ತು" ಎಂದೆ.

ಅವರು ನಕ್ಕರು. "ಮತ್ತ? ಮುಂಡೇದಾಕಿ ಕೈಲೆ ನಾ ಖರೇ ಬೋಣಿಗಿ ಮಾಡಸ್ತೇನೇನು?"

ಅದನ್ನು ಕೇಳಿದ ಮೇಲೆ ಕೆಲಸ ಬಿಟ್ಟು ಎದ್ದು ಬಂದೆ ಎಂದು ಬರೆದರೆ ಚೆಂದ. ಬರಲಿಲ್ಲ. ಬೇರೆ ಕೆಲಸ ಹಾನಗಲ್ಲಿನಲ್ಲಿ ಯಾರೂ ತಟ್ಟೆಯಲ್ಲಿಟ್ಟುಕೊಂಡು ಕಾಯುತ್ತಿರಲಿಲ್ಲ. ಅವರು ಊಟಕ್ಕೆ ಹೋದಾಗ ಶೆಡ್ಯೂಲರು ತೆರೆದು ಎರಡೂ ಟಾಸ್ಕುಗಳನ್ನು ಅಳಿಸಿದೆ, ಪ್ರೋಗ್ರಾಮನ್ನೂ ಅಳಿಸಿದೆ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಮರುದಿನ ಮೆಸೇಜು ಬರಲಿಲ್ಲವಲ್ಲ ಎಂದು ಕೇಳಿದಾಗ, ಸೈಟಿನವರು ಪುಟ ಬದಲಿಸಿದ್ದಾರೆ, ಇನ್ನು ಆಗುವುದಿಲ್ಲ ಎಂದೆ. ಅಂಥದ್ದು ಆಗುತ್ತದೆ, ಸುಳ್ಳು ಸುಲಭವಾಗಿ ಬಂತು. ಅವರು ಸ್ವಲ್ಪ ಗೊಣಗಿ ಸುಮ್ಮನಾದರು. ನನ್ನ ಸೇಡು ಅಷ್ಟೇ ಉದ್ದದ್ದು.

ಆದರೆ ಅದು ಮರುದಿನದ ಮಾತು. ಆ ಸಂಜೆ ನಾನು ಅಂಗಡಿಯಿಂದ ನೇರವಾಗಿ ಅಕ್ಕನ ಮನೆಗೆ ಹೋದೆ. ಎಲ್ಲವನ್ನೂ ಹೇಳಿಬಿಡಬೇಕು, ಅವಳನ್ನು ಕರೆದುಕೊಂಡು ಬಂದು ಅಂಗಡಿಯ ಮುಂದೆ ಊರೆಲ್ಲ ಕೇಳುವ ಹಾಗೆ ಬೈಸಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದೆ. ಮಶೀನು ಕಿಟಕಿಯ ಪಕ್ಕ ಕೂತಿತ್ತು. ಅದಕ್ಕೆ ಕುಂಕುಮ ಹಚ್ಚಿದ್ದಳು, ಒಂದು ಚೆಂಡುಹೂವು ಇಟ್ಟಿದ್ದಳು. ಕಾಲಿನಿಂದ ತುಳಿಯುತ್ತ ಯಾರದೋ ಸೀರೆಗೆ ಪೀಕೋ ಹಾಕುತ್ತಿದ್ದಳು. ಬಲಗಾಲು ಆಗದೆ ಎಡಗಾಲು, ಎಡಗಾಲು ಸೋತರೆ ಮತ್ತೆ ಬಲಗಾಲು. ನನ್ನ ಮುಖ ನೋಡಿದ ಕೂಡಲೇ ನಿಲ್ಲಿಸಿದಳು.

"ಮೆಸೇಜ್ ನನಗೂ ಬಂತು" ಎಂದಳು.

ನನಗೆ ಅಳು ಬಂತು. "ಮುಂಜಾನೇನ ಇಳಿದಿತ್ತಕ್ಕಾ. ಅವರಿಗೆ ಗೊತ್ತಿತ್ತು. ಗೊತ್ತಿದ್ದ ಕರದ್ರು."

"ತಿಳೀತು ಬಿಡು. ನಾನೇನು ಸಣ್ಣಾಕಿ?" ಅವಳು ಸೀರೆಯ ಅಂಚನ್ನು ಬೆರಳಲ್ಲಿ ನೀವುತ್ತ ಕೂತಳು. "ಸಿಟ್ಟು ಬಂತು. ಹೋಗಿ ಕೊರಳಪಟ್ಟಿ ಹಿಡೀಬೇಕು ಅನ್ನಿಸ್ತು. ಆಮ್ಯಾಲೆ ಅನ್ನಿಸ್ತು, ಹೋಗಲಿ. ಮೋಟರಿನ ರೊಕ್ಕ ಹೋತು, ಹೋಗಲಿ. ಅಂವ ಪಕ್ಕಾ ವ್ಯಾಪಾರಿ, ರೊಕ್ಕದಾಗ ಮೋಸ ಮಾಡಿದ. ಆದ್ರ ತಂಗಿ, ಅಂವಾ ಇಡೀ ಪ್ಯಾಟಿ ಮುಂದ ನನ್ನ ಮುಂಜಾನೆ ಕರದು ಒಳಗ ಬಾ ಅಂದ. ನನ್ನ ಮಗಳು ನೋಡಿದ್ಳು. ಮಂದಿ ನೋಡಿದ್ರು. ಟೇಲರ್ ನೋಡಿದ. ನಮ್ಮನಿಯವರು ಹೋದ ಮ್ಯಾಲೆ ಇಷ್ಟ ವರ್ಷದಾಗ ನನ್ನ ಮುಖಾ ಬೇಕು ಅಂದಾವ ಅಂವ ಒಬ್ಬನ. ಆ ರೊಕ್ಕ ಅದಕ್ಕ ಹೋತು ಅಂತ ತಿಳ್ಕೋತೇನಿ."

ಬಾಗಿಲ ಹೊರಗೆ ಮಗಳು ಪಕ್ಕದ ಮನೆಯ ಹುಡುಗಿಗೆ, ನಮ್ಮವ್ವನ ಕೈಗುಣ ಛಲೋ ಐತಂತ, ಇನ್ನ ದೊಡ್ಡ ಅಂಗಡಿಯವ್ರೆಲ್ಲ ಬೋಣಿಗಿಗೆ ಕರೀತಾರಂತ ಎಂದು ಹೇಳುವುದು ಕೇಳಿಸುತ್ತಿತ್ತು.

ಅಕ್ಕ ದಾರ ಕಡಿದು ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಈಗಲೂ ತಡೆದುಕೊಳ್ಳಲಾರೆ.

"ಅಷ್ಟರ ಖರೇ ಐತಲ್ಲ ತಂಗಿ? ನೀ ಅಲ್ಲೇ ಇದ್ದೆಲ್ಲಾ. ಬೋಣಿಗಿ ನನ್ನ ಕೈಲೇನ ಆತು, ಹೌದಿಲ್ಲೋ?"

"ಹೌದಕ್ಕಾ" ಎಂದೆ. "ನಿನ್ನ ಕೈಲೇನ ಆತು."

ಅವಳು ತಲೆ ಆಡಿಸಿ ಮತ್ತೆ ಮಶೀನು ತುಳಿಯತೊಡಗಿದಳು.